ಮಾರ್ಚ್ 31ರ ಸಾಲ ಬೇರೆ, ಡಿಸೆಂಬರ್ ಸಾಲ ಬೇರೆ

ಹುಬ್ಬಳ್ಳಿಯಲ್ಲಿ ನನ್ನದು ಅಕೌಂಟ್ಸ್ ನೋಡುವ ಕೆಲಸ. ಗಿರಾಕಿಗಳಲ್ಲಿ ಗೋಕುಲ ರಸ್ತೆಯ ಸಣ್ಣ ಶೆಡ್ಡಿನವರೇ ಜಾಸ್ತಿ. ಅವರಲ್ಲೊಬ್ಬರು ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಯಂತ್ರದ ರೋಲರ್, ಚಾಕು ಮಾಡಿ ಕೊಡುತ್ತಾರೆ. ಆಗಸ್ಟ್ ಕೊನೆಯಲ್ಲಿ ಗದಗ ಕಡೆಯ ಒಂದು ಹತ್ತಿ ಕಂಪನಿ ಅವರ ಹತ್ತಿರ 20 ಲಕ್ಷದ ಮಾಲು ಕೇಳಿತು, ಅದೂ 90 ದಿನದ ಉದ್ರಿಗೆ. "ಅವರಿಗೆ ಸಾಲ ಭಾಳ ಇಲ್ಲಂತ್ರಿ. ಕೊಡ್ಲೇನ್ರಿ?" ಎಂದು ಕೇಳಿದರು.

ಅದು ಪ್ರೈವೇಟ್ ಲಿಮಿಟೆಡ್ ಕಂಪನಿ. ಇಂಥವರ ಲೆಕ್ಕಪತ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ 100 ರೂಪಾಯಿ ಕಟ್ಟಿದರೆ ನೋಡಲು ಸಿಗುತ್ತದೆ. ತೆಗೆದು ನೋಡಿದೆ. ಷೇರು ಬಂಡವಾಳ ಮತ್ತು ರಿಸರ್ವ್ ಸೇರಿ ಮಾಲೀಕರ ಸ್ವಂತ ಹಣ 8 ಕೋಟಿ. ಮಾರ್ಚ್ 31ಕ್ಕೆ ಎಲ್ಲ ಸಾಲ ಸೇರಿ 6 ಕೋಟಿ. ಹಿಂದಿನ ಮಾರ್ಚ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಡೆಟ್ ಟು ಈಕ್ವಿಟಿ 0.75. ಒಂದು ರೂಪಾಯಿ ಸ್ವಂತದ್ದಿದ್ದರೆ ಮುಕ್ಕಾಲು ರೂಪಾಯಿ ಸಾಲದ್ದು. ಇಷ್ಟೇ ನೋಡಿದವರು ಕಣ್ಣುಮುಚ್ಚಿ ಮಾಲು ಕೊಡುತ್ತಾರೆ.

ನಾನು ಆಮೇಲೆ ಬಡ್ಡಿಯ ಸಾಲಿಗೆ ಹೋಗುತ್ತೇನೆ. ಬ್ಯಾಲೆನ್ಸ್ ಶೀಟ್ ಹೇಳುವುದು ಒಂದೇ ದಿನದ ಸಾಲ. ಬಡ್ಡಿ ಹಾಗಲ್ಲ, ವರ್ಷದ 365 ದಿನವೂ ಓಡಿರುತ್ತದೆ. ಹಣಕಾಸು ವೆಚ್ಚದ ಟಿಪ್ಪಣಿ ತೆರೆದು ಬ್ಯಾಂಕ್ ಚಾರ್ಜು, ಪ್ರೊಸೆಸಿಂಗ್ ಫೀ ಬಿಟ್ಟು ಬರೀ ಬಡ್ಡಿ ಹಿಡಿದೆ. 1.44 ಕೋಟಿ. 6 ಕೋಟಿ ಸಾಲಕ್ಕೆ 1.44 ಕೋಟಿ ಬಡ್ಡಿ ಅಂದರೆ ಶೇ 24! ಅವರದು ಬ್ಯಾಂಕ್ ಸಾಲ, ದರ ಶೇ 10ರ ಆಸುಪಾಸು. ಶೇ 10ರಂತೆ 1.44 ಕೋಟಿ ಬಡ್ಡಿ ಬೀಳಬೇಕಾದರೆ ವರ್ಷವಿಡೀ ಸರಾಸರಿ 14.4 ಕೋಟಿ ಸಾಲ ಇರಲೇಬೇಕು.

ಇದು ಮೋಸವೇ ಆಗಬೇಕಿಲ್ಲ. ಹತ್ತಿ ಧಂದೆಯೇ ಹಾಗೆ. ಅಕ್ಟೋಬರ್ ನಂತರ ರೈತರ ಹತ್ತಿ ಬರುತ್ತದೆ, ಹಣ ಕೊಟ್ಟು ಕೊಳ್ಳಬೇಕು, ಆಗ ಸಿಸಿ ಲಿಮಿಟ್, ಅಂದರೆ ಬೇಕಾದಾಗ ತೆಗೆದು ಕಟ್ಟುವ ಬ್ಯಾಂಕ್ ಸಾಲದ ಮಿತಿ, ತುಂಬುತ್ತದೆ. ಮಾರ್ಚ್ ಹೊತ್ತಿಗೆ ಬೇಲ್ ಮಾರಿ ಸಾಲ ಇಳಿಸಿರುತ್ತಾರೆ. ಆದರೆ ಇವರದು ಸರಾಸರಿಯೇ ಇಷ್ಟು ಮೇಲಿದೆ. ಸಾಲ ಸೀಸನ್ ಮುಗಿದ ಮೇಲೂ ಬಹಳ ಇಳಿಯದೆ, ಮಾರ್ಚ್ ಕೊನೆಗಷ್ಟೇ ಇಳಿದಂತೆ ಕಂಡಿತು. ಅದೇ ವೆಬ್‌ಸೈಟಿನಲ್ಲಿ ಸಾಲಕ್ಕಾಗಿ ಆಸ್ತಿಯನ್ನು ಬ್ಯಾಂಕಿಗೆ ಅಡವಿಟ್ಟ ದಾಖಲೆಗಳ, ಅಂದರೆ ಚಾರ್ಜ್‌ಗಳ ಪಟ್ಟಿಯೂ ಇರುತ್ತದೆ. ಅಲ್ಲಿ ನೋಡಿದರೆ ಒಟ್ಟು 18 ಕೋಟಿ. ಚಾರ್ಜ್ ಮೊತ್ತ ಅಂದರೆ ಅಷ್ಟೂ ಸಾಲ ತೆಗೆದಿದ್ದಾರೆ ಎಂದಲ್ಲ. ಆದರೂ 14 ಕೋಟಿ ಸಾಧ್ಯವೇ ಎಂಬ ಅನುಮಾನ ಅಲ್ಲಿಗೆ ಹೋಯಿತು.

ಬ್ಯಾಡಗಿ ಮೆಣಸಿನಕಾಯಿಯವರಲ್ಲಿ ಇದು ಉಲ್ಟಾ. ಅಲ್ಲಿ ಮಾರ್ಚ್ ಅಂದರೆ ಮಾಲು ಬರುವ ಭರ. ಕೋಲ್ಡ್ ಸ್ಟೋರೇಜ್ ತುಂಬಿ, ಸಾಲವೂ ತುಂಬಿರುತ್ತದೆ. ಇದೇ ಲೆಕ್ಕ ಹಾಕಿದರೆ ಬಡ್ಡಿ ಶೇ 5, 6 ಬರಬಹುದು. ಆಗ ಆ ಕಂಪನಿ ಕಾಗದದ ಮೇಲೆ ಕಾಣುವುದಕ್ಕಿಂತ ಗಟ್ಟಿ ಎಂದು ತಿಳಿಯಬೇಕು.

ಗದಗಿನ ಕಂಪನಿಗೆ ಮರಳೋಣ. ತೆರಿಗೆಗೆ ಮುಂಚಿನ ಲಾಭ 36 ಲಕ್ಷ. ಅದಕ್ಕೆ ಬಡ್ಡಿ 1.44 ಕೋಟಿ ಕೂಡಿಸಿದರೆ ದುಡಿದದ್ದು 1.80 ಕೋಟಿ. ಬಡ್ಡಿಯಿಂದ ಭಾಗಿಸಿದರೆ ಇಂಟರೆಸ್ಟ್ ಕವರೇಜ್ 1.25. ನೂರು ರೂಪಾಯಿ ಬಡ್ಡಿಗೆ ದುಡಿಮೆ ನೂರಿಪ್ಪತ್ತೈದು. ಹತ್ತಿ ದರ ಒಂದು ಸೀಸನ್ ಕೈಕೊಟ್ಟು ದುಡಿಮೆ ಐದನೇ ಒಂದು ಭಾಗ ಕುಸಿದರೆ ಬಡ್ಡಿ ಕಟ್ಟಿ ಏನೂ ಉಳಿಯದು. ಏರಿಳಿತದ ಧಂದೆಗೆ ನಾನು ಕನಿಷ್ಠ 2.5 ನೋಡುತ್ತೇನೆ. ಇದು ನನ್ನ ಅಳತೆ, ಶಾಸ್ತ್ರವಲ್ಲ.

ಕೊನೆಗೆ ಬಂಡವಾಳದ ಮೇಲಿನ ಗಳಿಕೆ. ಮಾರ್ಚ್ ಲೆಕ್ಕದಲ್ಲಿ ಬಂಡವಾಳ 8 ಮತ್ತು 6, ಒಟ್ಟು 14 ಕೋಟಿ. 1.80ಕ್ಕೆ ಶೇ 12.9 ಬರುತ್ತದೆ, ಚೆನ್ನಾಗಿಯೇ ಕಾಣುತ್ತದೆ ಅಲ್ವಾ? ಆದರೆ ವರ್ಷವಿಡೀ ದುಡಿದ ಬಂಡವಾಳ 8 ಮತ್ತು 14.4, ಅಂದರೆ 22.4 ಕೋಟಿ. ಆಗ ಗಳಿಕೆ ಬರೀ ಶೇ 8. ಶೇ 10ಕ್ಕೆ ಸಾಲ ತಂದು ಶೇ 8 ಗಳಿಸುತ್ತಿದ್ದಾರೆ. ಸಾಲದ ಮೇಲಿನ ಕೊರತೆಯನ್ನು ಮಾಲೀಕರ ಹಣದ ಗಳಿಕೆ ತುಂಬುತ್ತಿದೆ. ಡೆಟ್ ಟು ಈಕ್ವಿಟಿಯೂ ಅಸಲಿಗೆ 1.8.

ಇಷ್ಟಾದರೂ "ಮಾಲು ಕೊಡಲೇಬೇಡಿ" ಎನ್ನಲಿಲ್ಲ. ಕಂಪನಿ ಲಾಭದಲ್ಲೇ ಇದೆ. ನನಗೆ ಚುಚ್ಚಿದ್ದು ದಿನಾಂಕ. ಸೆಪ್ಟೆಂಬರ್‌ನಲ್ಲಿ ಕೊಟ್ಟ ಮಾಲಿನ 90 ದಿನ ಮುಗಿಯುವುದು ಡಿಸೆಂಬರ್‌ಗೆ. ಲಿಮಿಟ್ ತುಂಬಿ, ಇದ್ದಬದ್ದ ಹಣವೆಲ್ಲ ಹತ್ತಿ ಖರೀದಿಗೆ ಹೋಗುವ ತಿಂಗಳದು. ರೋಲರ್ ಕೊಟ್ಟವರ ಬಿಲ್ಲು ಆಗ ಯಾರಿಗೆ ನೆನಪಾಗುತ್ತದೆ? ಅರ್ಧ ಹಣ ಮುಂಗಡ, ಉಳಿದದ್ದು 30 ದಿನಕ್ಕೆ ಎಂದು ಹೇಳಿಸಿದೆ. ಕಂಪನಿಯವರು ಮೊದಲು ಒಪ್ಪಲಿಲ್ಲ. ಆಮೇಲೆ 8 ಲಕ್ಷದ ಮಾಲಿಗೆ ಇಳಿದು, ಅದೇ ಷರತ್ತಿಗೆ ಒಪ್ಪಿದರು.