ಶೀರ್ಷಿಕೆಯಲ್ಲೇ ಶ್ಲೇಷೆ ಇದ್ದರೆ ಅನುವಾದ ಹೇಗೆ?

ಆಸ್ಕರ್ ವೈಲ್ಡ್ ಬರೆದ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನಾಟಕ 1895ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂತು. ಅರ್ನೆಸ್ಟ್ ಅಂದರೆ ಪ್ರಾಮಾಣಿಕ, ಗಂಭೀರ ಮನುಷ್ಯ. ಅದೇ ಉಚ್ಚಾರದ ಗಂಡಸಿನ ಹೆಸರೂ ಇದೆ. ನಾಯಕ ಜಾಕ್ ಊರಲ್ಲಿ ಒಂದು ಹೆಸರು, ಲಂಡನ್ನಿನಲ್ಲಿ ‘ಅರ್ನೆಸ್ಟ್’ ಎಂಬ ಇನ್ನೊಂದು ಹೆಸರು ಇಟ್ಟುಕೊಂಡು ಸುಳ್ಳು ಹೇಳುತ್ತಿರುತ್ತಾನೆ. ಅವನು ಮೆಚ್ಚಿದ ಹುಡುಗಿಗೋ, ಆ ಹೆಸರಿನವನನ್ನೇ ಮದುವೆಯಾಗಬೇಕೆಂಬ ಆಸೆ. ಈ ಶೀರ್ಷಿಕೆಯನ್ನು ಕನ್ನಡಕ್ಕೆ ತರುವುದು ಹೇಗೆ?

ಮೊದಲ ಕೆಲಸ, ಶೀರ್ಷಿಕೆಯನ್ನು ಮುಟ್ಟದೆ ನಾಟಕವನ್ನು ಪೂರ್ತಿ ಓದುವುದು. ಆ ಶ್ಲೇಷೆ ಒಳಗೆ ಎಲ್ಲೆಲ್ಲಿ ಮತ್ತೆ ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. ಇಲ್ಲಿ ಕೊನೆಯ ಮಾತೇ ಶೀರ್ಷಿಕೆ. ತನ್ನ ಹುಟ್ಟುಹೆಸರು ನಿಜಕ್ಕೂ ಅದೇ, ತಾನು ಹೇಳಿದ ಸುಳ್ಳು ಸುಳ್ಳೇ ಅಲ್ಲ ಎಂದು ಗೊತ್ತಾದಾಗ, ಮಗುವಾಗಿದ್ದಾಗಲೇ ಹೆತ್ತವರಿಂದ ದೂರವಾಗಿ ಬೆಳೆದ ಜಾಕ್ ಅದನ್ನು ಹೇಳುತ್ತಾನೆ. ಹಾಗಾಗಿ ನಿಮ್ಮ ಶೀರ್ಷಿಕೆ ಪಾತ್ರದ ಬಾಯಲ್ಲೂ ಸಲೀಸಾಗಿ ಹೊರಳಬೇಕು.

ಆಮೇಲೆ ಬೇರೆ ಭಾಷೆಯವರು ಏನು ಮಾಡಿದ್ದಾರೆ ನೋಡಿ. ಸ್ಪ್ಯಾನಿಷ್‌ನಲ್ಲಿ ‘ಅರ್ನೆಸ್ಟೊ ಎಂಬ ಹೆಸರಿರುವುದರ ಮಹತ್ವ’ ಎಂಬ ಅರ್ಥ ಬರುವಂತೆ ಇಟ್ಟರು. ಹೆಸರು ಉಳಿಯಿತು, ಗುಣ ಹೋಯಿತು. ಫ್ರೆಂಚರು ಹೆಸರನ್ನೇ ಬದಲಿಸಿದರು. ಅಲ್ಲಿ ಕಾನ್‌ಸ್ಟಂಟ್ ಎಂಬ ಹೆಸರೂ ಇದೆ, ಆ ಪದಕ್ಕೆ ‘ಮನಸ್ಸು ಬದಲಿಸದವನು’ ಎಂಬ ಅರ್ಥವೂ ಇದೆ. ಚೆಕ್ ಭಾಷೆಯ ದಾರಿ ನನಗೆ ತುಂಬಾ ಇಷ್ಟ. ಅಲ್ಲಿ ‘ಅವನಲ್ಲಿ ಫಿಲಿಪ್ ಇದ್ದಾನೆ’ ಅಂದರೆ ಅವನು ಚುರುಕುಬುದ್ಧಿಯವನು ಎಂದರ್ಥ. ಆ ನುಡಿಗಟ್ಟನ್ನೇ ಶೀರ್ಷಿಕೆ ಮಾಡಿಕೊಂಡರು.

ಈಗ ನಮ್ಮಲ್ಲಿ ಗುಣವೂ ಹೆಸರೂ ಆಗಿರುವ ಪದಗಳನ್ನು ಪಟ್ಟಿ ಮಾಡಿ. ವಿನಯ್, ಧೀರಜ್, ಸತ್ಯ. ಪ್ರತಿಯೊಂದನ್ನೂ ಕಥೆಯ ಪಕ್ಕ ಇಟ್ಟು ನೋಡಿ. ಹೆಸರಿನ ವಿಷಯದಲ್ಲಿ ಸುಳ್ಳು ಹೇಳುವವನ ಕಥೆಗೂ ವಿನಯಕ್ಕೂ ಏನು ಸಂಬಂಧ? ಧೀರಜ್ ಹೆಸರಾಗಿ ಪರಿಚಿತ, ಗುಣ ಎಂದು ಯಾರಿಗೂ ಹೊಳೆಯುವುದಿಲ್ಲ. ಸತ್ಯ ಮಾತ್ರ ಕೂಡುತ್ತದೆ. ಮೂಲದ ‘ಗಂಭೀರ’ ಎಂಬ ಛಾಯೆ ಹೋಗುತ್ತದೆ, ನಿಜ. ಆದರೆ ಕಥೆ ನಿಂತಿರುವುದು ಸತ್ಯ ಸುಳ್ಳಿನ ಮೇಲೆ. ಆದ್ದರಿಂದ ಆ ನಷ್ಟವನ್ನು ನಾನು ಒಪ್ಪಿಕೊಳ್ಳುತ್ತೇನೆ.

ಜಾಸ್ತಿ ಜನ ಎಡವುವುದು ಇಲ್ಲಿಂದ ಮುಂದೆ. ‘ಸತ್ಯನ ಮಹತ್ವ’ ಎಂದು ಬರೆದರೆ ಅದು ಮನುಷ್ಯ ಮಾತ್ರ. ‘ಸತ್ಯದ ಮಹತ್ವ’ ಎಂದರೆ ಗುಣ ಮಾತ್ರ. ಸತ್ಯನಿಗೆ, ಸತ್ಯಕ್ಕೆ, ಸತ್ಯನನ್ನು, ಸತ್ಯವನ್ನು. ಕನ್ನಡದಲ್ಲಿ ವಿಭಕ್ತಿ ಅಂಟಿದ ಕೂಡಲೇ ಶ್ಲೇಷೆ ಒಡೆಯುತ್ತದೆ. ಹಾಗಾಗಿ ಪದ ಬರಿದಾಗಿಯೇ ನಿಲ್ಲುವಂಥ ವಾಕ್ಯ ಹುಡುಕಬೇಕು. ನನಗೆ ಸಿಕ್ಕಿದ್ದು ‘ಹೆಸರು ಸತ್ಯ’. ಅವನ ಹೆಸರು ಸತ್ಯ ಅಂತಲೂ ಆಯಿತು, ಹೇಳಿದ ಹೆಸರು ನಿಜ ಅಂತಲೂ ಆಯಿತು. ಹುಡುಗಿಯ ತಾಯಿಗೆ ಜಾಕ್ ಹೇಳುವ ಕೊನೆಯ ಮಾತಿಗೂ ಒದಗುತ್ತದೆ: “ಅತ್ತೆ, ನನ್ನ ಹೆಸರು ಸತ್ಯ!”

ಆದರೆ ಲಂಡನ್ನಿನ ಜಾಕ್ ಸತ್ಯ ಆಗಲು ಸಾಧ್ಯವಿಲ್ಲ ಅಲ್ವಾ? ಈ ಶೀರ್ಷಿಕೆ ಬೇಕೆಂದರೆ ಕಥೆಯೇ ಮೈಸೂರಿಗೋ ಧಾರವಾಡಕ್ಕೋ ಬರಬೇಕು, ಅಂದರೆ ರೂಪಾಂತರ. ಆಗ ಇನ್ನೊಂದು ತೊಡಕು ಏಳುತ್ತದೆ. ಮೂಲದಲ್ಲಿ ಹುಡುಗಿಯ ತಾಯಿ ಜಾಕ್‌ನ ತಾಯಿಯ ಅಕ್ಕತಂಗಿಯರಲ್ಲಿ ಒಬ್ಬಳು. ನಮ್ಮ ಲೆಕ್ಕದಲ್ಲಿ ಅವಳು ದೊಡ್ಡಮ್ಮನೋ ಚಿಕ್ಕಮ್ಮನೋ, ಮಗಳು ತಂಗಿಯಾದಳು, ಮದುವೆ ಮುರಿಯಿತು! ಅವಳನ್ನು ಸೋದರತ್ತೆ ಮಾಡಿ. ಮೂಲದಲ್ಲಿ ಜಾಕ್‌ಗೆ ಅಪ್ಪನ ಹೆಸರನ್ನೇ ಇಟ್ಟಿರುತ್ತಾರೆ, ಆದರೆ ಆ ಹೆಸರು ಹುಡುಗಿಯ ತಾಯಿಗೆ ನೆನಪಿಲ್ಲ. ಸ್ವಂತ ಅಣ್ಣನ ಹೆಸರು ಮರೆಯುವ ಸೋದರತ್ತೆಯನ್ನು ಯಾರೂ ನಂಬುವುದಿಲ್ಲ. ಅದಕ್ಕೆ, ಮಗುವನ್ನು ಎಲ್ಲರೂ ‘ಪುಟ್ಟ’ ಅಂತಲೇ ಕರೆಯುತ್ತಿದ್ದರು, ಇಟ್ಟ ಹೆಸರು ಜಾತಕ ಬಿಚ್ಚಿದಾಗ ಗೊತ್ತಾಯಿತು ಎಂದು ಮಾಡಬಹುದು. ನೇರ ಅನುವಾದವೇ ಆಗಬೇಕೆಂದರೆ ಸ್ಪ್ಯಾನಿಷ್ ದಾರಿ ಹಿಡಿದು ಹೆಸರನ್ನು ಹಾಗೇ ಬಿಡಿ. ಶೀರ್ಷಿಕೆಗೆ ಅಡಿಟಿಪ್ಪಣಿ ಮಾತ್ರ ಹಾಕಬೇಡಿ.

ಅಧ್ಯಾಯದ ತಲೆಬರಹಕ್ಕೂ ಇದೇ ಕ್ರಮ, ಕೆಲಸ ಮಾತ್ರ ಚಿಕ್ಕದು. ಲೂಯಿಸ್ ಕ್ಯಾರಲ್‌ನ 1865ರ ಮಕ್ಕಳ ಕಥೆ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ನ ಮೂರನೇ ಅಧ್ಯಾಯದ ತಲೆಬರಹದಲ್ಲಿ ‘ಲಾಂಗ್ ಟೇಲ್’ ಎಂದಿದೆ. ಕಥೆ, ಬಾಲ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಉಚ್ಚಾರ. ನಮ್ಮ ‘ಬಾಲ’ಕ್ಕೆ ಮಗು ಎಂಬ ಅರ್ಥವೂ ಇದೆ. ‘ಉದ್ದನೆಯ ಬಾಲಕಥೆ’ ಅನ್ನಿ. ಒಳಗೆ ಇಲಿ ತನ್ನ ಚಿಕ್ಕಂದಿನ ದುಃಖ ಹೇಳಹೊರಟು “ನನ್ನ ಬಾಲಕಥೆ ಉದ್ದ, ಬಲು ದುಃಖದ್ದು” ಎನ್ನಲಿ. ಆಲಿಸ್ ಅದರ ಬಾಲವನ್ನೇ ನೋಡುತ್ತಾ ಕೇಳಲಿ: “ಉದ್ದ ಏನೋ ಸರಿ, ದುಃಖ ಯಾಕೆ?”