"ಸಾರ್, 2 ಎಲ್ಲಿದೆ?"

ಶಿಡ್ಲಘಟ್ಟದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಸೆಂಟರ್ ಇದೆ. ಎಂಟು ಮಷೀನು. ಬರುವವರಲ್ಲಿ ಅರ್ಧದಷ್ಟು ಜನ ರೇಷ್ಮೆ ಕೆಲಸದ ಮನೆಯವರು, ಮೌಸ್ ಹಿಡಿಯುವುದೇ ಮೊದಲ ಸಲ. ಮನೆಯಲ್ಲಿ ತೆಲುಗು ಮಾತಾಡಿದರೂ ಓದುವುದು ಕನ್ನಡವನ್ನೇ. ಇವರಿಗಾಗಿ ಸ್ಕ್ರೀನ್‌ಶಾಟ್ ಹಾಕಿ ಒಂದು ಪುಸ್ತಕ ಮಾಡ್ತೀನಿ ಅಂದಾಗ ನನ್ನ ಪಾಲುದಾರ ನಕ್ಕ. "ಚಿತ್ರ ನೋಡಿ ಯಾರು ಕಲೀತಾರೋ? ಪಕ್ಕದಲ್ಲಿ ಕೂತು ಕೈ ಹಿಡಿದೇ ಹೇಳ್ಕೊಡಬೇಕು" ಅಂದ. ಮೊದಲ ಎರಡು ಸಲ ಅವನು ಹೇಳಿದ್ದೇ ನಿಜವಾಯಿತು.

ಮೊದಲ ಪುಸ್ತಕ 14 ಪುಟ. ಕೆಂಪು ವೃತ್ತದಲ್ಲಿ ಬಿಳಿ ನಂಬರ್, ಕೆಂಪು ಬಾಣ, ಹಳದಿ ಡಬ್ಬಿಯಲ್ಲಿ ಮಾತು. ನೋಡೋಕೆ ಮದುವೆ ಮಂಟಪದ ಹಾಗಿತ್ತು. ಕಲರ್ ಪ್ರಿಂಟ್ ಪುಟಕ್ಕೆ ಹತ್ತು ರೂಪಾಯಿ. ಇಪ್ಪತ್ತು ಪ್ರತಿಗೆ ಎರಡು ಸಾವಿರದ ಎಂಟುನೂರೋ ಏನೋ ಆಯಿತು. ಹುಡುಗರು ಅದನ್ನೇ ಜೆರಾಕ್ಸ್ ಮಾಡಿಸಿಕೊಂಡರು. ಜೆರಾಕ್ಸಿನಲ್ಲಿ ಕೆಂಪೂ ಬೂದಿ, ವಿಂಡೋಸಿನ ನೀಲಿಯೂ ಬೂದಿ. ನಂಬರೆಲ್ಲ ಮಸಿಯಲ್ಲಿ ಮುಳುಗಿಹೋದವು.

ಅದಕ್ಕಿಂತ ದೊಡ್ಡ ಪೆಟ್ಟು ನೋಟ್‌ಪ್ಯಾಡಿನ ಪಾಠದಲ್ಲಿ ಬಿತ್ತು. ಬರೆದ ಪತ್ರವನ್ನು ಸೇವ್ ಮಾಡುವುದು, ಅಷ್ಟೇ. ನಾನು `File` ಮೆನು ತೆರೆದಿರುವಾಗ ಒಂದು ಚಿತ್ರ ಹಿಡಿದು `File` ಮೇಲೆ 1, ಕೆಳಗೆ `Save As...` ಮೇಲೆ 2 ಹಾಕಿದ್ದೆ. ನಾವೆಲ್ಲ ಹೀಗೇ ಮಾಡೋದು ಅಲ್ವಾ? ನೂಲು ಬಿಚ್ಚುವ ಕೆಲಸದ ಒಬ್ಬ ಅಕ್ಕ ಪುಸ್ತಕ ನೋಡಿದರು, ಪರದೆ ನೋಡಿದರು, ಮತ್ತೆ ಪುಸ್ತಕ ನೋಡಿದರು. "ಸಾರ್, 2 ಎಲ್ಲಿದೆ? ನನ್ನ ಕಂಪ್ಯೂಟರ್‌ಗೆ ಇದನ್ನ ಹಾಕಿಲ್ವಾ?" ಅಂದರು. ಅವರ ಪರದೆಯಲ್ಲಿ ಮೆನುವೇ ತೆರೆದಿರಲಿಲ್ಲ. 1 ಒತ್ತಿದರೆ ತಾನೇ 2 ಕಾಣಿಸೋದು! ಚಿತ್ರ ಮತ್ತು ಪರದೆ ಬೇರೆ ಬೇರೆ ಕಂಡ ತಕ್ಷಣ ಅವರ ಕೈ ನಿಂತುಹೋಗಿತ್ತು.

ಆವತ್ತು ಹನ್ನೆರಡು ಜನರಲ್ಲಿ ಏನೂ ಕೇಳದೆ ಮುಗಿಸಿದವರು ಮೂವರೋ ನಾಲ್ವರೋ.

ಆಗ ಹೊಳೆದದ್ದನ್ನೇ ಈಗಲೂ ಬಿಟ್ಟಿಲ್ಲ. ಕೈ ಆಡಿಸುವ ಮುಂಚೆ ಪರದೆ ಹೇಗಿರುತ್ತೋ ಚಿತ್ರವೂ ಹಾಗೇ ಇರಬೇಕು. ಆ ಹೊತ್ತಿಗೆ ಪರದೆಯಲ್ಲಿ ಇಲ್ಲದ ಜಾಗಕ್ಕೆ ನಂಬರ್ ಹಾಕಬಾರದು. ಈಗ ಸೇವ್ ಪಾಠಕ್ಕೆ ನಾಲ್ಕು ಚಿತ್ರ ಇವೆ. ಮೊದಲನೆಯದರಲ್ಲಿ ಮೆನು ಮುಚ್ಚಿದೆ, `File` ಪಕ್ಕ 1 ಮಾತ್ರ. ಎರಡನೆಯದರಲ್ಲಿ ಮೆನು ತೆರೆದಿದೆ, `Save As...` ಪಕ್ಕ 2 ಮಾತ್ರ. ಮೂರನೆಯದರಲ್ಲಿ ಸೇವ್ ಮಾಡುವ ಕಿಟಕಿ ತೆರೆದು, `File name:` ಡಬ್ಬಿಯೊಳಗೆ `*.txt` ನೀಲಿಯಾಗಿ ಕೂತಿದೆ. ಅಲ್ಲಿ 3: ಮೌಸ್ ಮುಟ್ಟದೆ ಸುಮ್ನೆ ಹೆಸರು ಟೈಪ್ ಮಾಡಿ. ನಾಲ್ಕನೆಯದರಲ್ಲಿ `patra` ಅಂತ ಟೈಪ್ ಆಗಿಯೇ ಇದೆ. ಎಡಗಡೆ `Desktop` ಪಕ್ಕ 4, ಕೆಳಗೆ `Save` ಪಕ್ಕ 5. ಈ ಎರಡೂ ಒಟ್ಟಿಗೇ ಕಾಣುತ್ತವೆ, ಹಾಗಾಗಿ ಒಂದೇ ಚಿತ್ರ ಸಾಕು.

3, 4, 5 ಮೂರನ್ನೂ ಒಂದೇ ಚಿತ್ರಕ್ಕೆ ತುರುಕಿ ಕಾಗದ ಉಳಿಸೋಣ ಅಂತ ಒಮ್ಮೆ ನೋಡಿದೆ. ಜನ ಮೇಲಿಂದ ಕೆಳಕ್ಕೆ ಓದುತ್ತಾರೆ. 4 ಮೇಲಿದೆ, 3 ಕೆಳಗಿದೆ. ಅರ್ಧ ಜನ ಮೊದಲು `Desktop` ಒತ್ತಿದರು, ಆಮೇಲೆ ಎಲ್ಲಿ ಟೈಪ್ ಮಾಡಬೇಕು ಅಂತ ತಿಳಿಯದೆ ಕೂತರು.

ನಂಬರನ್ನು ಎಲ್ಲಿಡೋದು ಅನ್ನುವುದಕ್ಕೂ ಒದೆ ತಿಂದಿದ್ದೇನೆ. ಮೊದಲು ಗುಂಡಿಯ ಮೇಲೇ ಇಡುತ್ತಿದ್ದೆ. `File` ಹೋಗಿ `ile` ಆಗುತ್ತಿತ್ತು. ಇಂಗ್ಲಿಷ್ ಬಾರದವರು ಆ ಪದವನ್ನು ಓದುವುದಿಲ್ಲ, ಅದರ ಆಕಾರ ನೋಡಿ ಹೊಂದಿಸುತ್ತಾರೆ. ಒಂದು ಅಕ್ಷರ ಮುಚ್ಚಿದರೂ ಗುರುತು ಹೋಯಿತು. ಈಗ ಗುಂಡಿಯ ಸುತ್ತ ದಪ್ಪ ಚೌಕಟ್ಟು, ಅದಕ್ಕೆ ತಾಗಿದಂತೆ ಹೊರಗೆ ನಂಬರ್. ಬಾಣವನ್ನಂತೂ ಪೂರ್ತಿ ಬಿಟ್ಟೆ. ಒಬ್ಬ ಯಜಮಾನರು ಚಿತ್ರದ ಬಾಣವನ್ನೇ ಮೌಸಿನ ಬಾಣ ಅಂದುಕೊಂಡು, ಅದು ನಿಂತ ಜಾಗಕ್ಕೇ ತಮ್ಮದನ್ನೂ ತಂದು ನಿಲ್ಲಿಸೋಕೆ ಐದು ನಿಮಿಷ ಒದ್ದಾಡಿದರು. ಪಾಪ, ತಪ್ಪು ನನ್ನದೇ.

ಬಣ್ಣವೂ ಹೋಯಿತು. ಕಪ್ಪು ವೃತ್ತ, ಬಿಳಿ ಅಂಕಿ, ಸುತ್ತ ಒಂದು ಬಿಳಿ ಅಂಚು. ಕಪ್ಪು ಪಟ್ಟಿಯ ಮೇಲೆ ಬಂದರೂ ಆ ಅಂಚಿನಿಂದ ಎದ್ದು ಕಾಣುತ್ತದೆ. ಜೆರಾಕ್ಸಿನ ಜೆರಾಕ್ಸ್ ಮಾಡಿಸಿ ನೋಡಿದೆ, ಉಳಿಯಿತು. ಮೌಸ್ ಕೆಲಸಕ್ಕೆ ವೃತ್ತ, ಕೀಬೋರ್ಡ್ ಕೆಲಸಕ್ಕೆ ಚೌಕ. ಡಬಲ್ ಕ್ಲಿಕ್ಕಿಗೆ ಬೇರೆ ಒಂದು ಗುರುತು ಇದೆ. ಅದನ್ನು ಮಾತ್ರ ಇಲ್ಲಿ ಹೇಳಲ್ಲ, ನಮ್ಮೂರಲ್ಲಿ ಬೇರೆ ಸೆಂಟರ್‌ಗಳೂ ಇವೆ.

ಕಾಲ್‌ಔಟ್, ಅಂದರೆ ಚಿತ್ರದ ಮೇಲಿನ ಡಬ್ಬಿಯ ಮಾತನ್ನು ಮೂರು ಪದಕ್ಕೆ ಇಳಿಸಿದ್ದೇನೆ. ಒಮ್ಮೆ ಡಬ್ಬಿಯ ಎತ್ತರ ಕಡಿಮೆ ಇಟ್ಟು ಒತ್ತಕ್ಷರಗಳ ಕಾಲೇ ಕತ್ತರಿಸಿಹೋದವು. "ಒತ್ತಿ" ಎಲ್ಲಾ ಕಡೆ "ಒತಿ" ಆಯಿತು, ಪ್ರಿಂಟ್ ಆದ ಮೇಲೆ ಕಂಡಿತು. ನಾನೂರು ರೂಪಾಯಿ ಹೋಯಿತು. ಇಂಗ್ಲಿಷ್ ಅಳತೆಯ ಡಬ್ಬಿಗೆ ಕನ್ನಡ ಹಿಡಿಸಲ್ಲ, ಕೆಳಗಡೆ ಅರ್ಧ ಸಾಲಿನಷ್ಟು ಜಾಗ ಜಾಸ್ತಿ ಬಿಡಿ.

ಕನ್ನಡ ಅಂಕಿಯ ಆಸೆ ನನಗೂ ಇತ್ತು. ಒಂದು ಬ್ಯಾಚಿಗೆ ೧, ೨, ೩ ಹಾಕಿ ಕೊಟ್ಟೆ. ೩ ಮತ್ತು ೬ ಸಣ್ಣ ವೃತ್ತದೊಳಗೆ ಒಂದೇ ಥರ ಕಾಣುತ್ತವೆ. ಹುಡುಗರಿಗಿಂತ ದೊಡ್ಡವರೇ ಜಾಸ್ತಿ ತಡವರಿಸಿದರು. ಮನಸ್ಸಿಲ್ಲದೆ 1, 2, 3ಕ್ಕೆ ವಾಪಸ್ ಬಂದೆ. ಇನ್ನೊಂದು ಹುಚ್ಚು ಪ್ರಯೋಗವೂ ಆಯಿತು. ಪುಸ್ತಕವೇ ಬೇಡ ಅಂತ ಮಾನಿಟರಿಗೇ ಸ್ಟಿಕ್ಕರ್ ಬೊಟ್ಟು ಅಂಟಿಸಿದೆ, ಸ್ಟಾರ್ಟ್ ಗುಂಡಿ ಇಲ್ಲಿದೆ ಅಂತ. ಎರಡು ದಿನ ಭರ್ಜರಿ ನಡೆಯಿತು. ಮೂರನೇ ದಿನ ಮಷೀನ್ ಬದಲಾಯಿಸಿದಾಗ ಎಲ್ಲರೂ ಬೊಟ್ಟು ಹುಡುಕಿದರು!

ಉಪಕರಣ ಯಾವುದಾದರೂ ಸರಿ. ನಾನು ಗ್ರೀನ್‌ಶಾಟಿನಲ್ಲಿ ಹಿಡಿಯುತ್ತೇನೆ, ತೆರೆದ ಮೆನು ಮುಚ್ಚಿಕೊಳ್ಳದೆ ಸಿಗುತ್ತದೆ. ಅದರೊಳಗೇ ನಂಬರ್ ಹಾಕುವ ಸೌಕರ್ಯ ಇದೆ, ಆದರೆ ನಾನು ಬಳಸಲ್ಲ. ಚಿತ್ರದೊಳಗೆ ಸೇರಿಹೋದ ನಂಬರನ್ನು ಆಮೇಲೆ ತೆಗೆಯೋಕಾಗಲ್ಲ. ಒಮ್ಮೆ ನಡುವೆ ಒಂದು ಹೆಜ್ಜೆ ಸೇರಿಸಬೇಕಾಗಿ ಬಂತು. ಬರಿ ಚಿತ್ರ ಉಳಿಸಿಟ್ಟಿರಲಿಲ್ಲ, ಇಪ್ಪತ್ತು ಚಿತ್ರ ಮತ್ತೆ ಹಿಡಿದೆ. ಅಂದಿನಿಂದ ಬರಿ ಚಿತ್ರವನ್ನು ಲಿಬ್ರೆಆಫೀಸ್ ಡ್ರಾನಲ್ಲಿಟ್ಟು, ನಂಬರನ್ನು ಅದರ ಮೇಲೆ ತೇಲಿಸುತ್ತೇನೆ. ಪಿಡಿಎಫ್ ಮಾಡುವಾಗ ಚಿತ್ರಕ್ಕೆ `Lossless compression` ಆರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಸಣ್ಣ ಅಕ್ಷರದ ಸುತ್ತ ಕೊಳೆ ಹಿಡಿದಂತೆ ಕಾಣುತ್ತದೆ.

ಪೂರ್ತಿ ಪರದೆಯ ಚಿತ್ರವನ್ನೂ ಬಿಟ್ಟೆ. ನಮ್ಮ ಪರದೆ 1366 ಚುಕ್ಕಿ ಅಗಲ. ಪುಟದಲ್ಲಿ ಅದು 16 ಸೆಂಟಿಮೀಟರಿಗೆ ಕುಗ್ಗಿದರೆ ಸಣ್ಣ ಅಕ್ಷರ ಒಂದು ಮಿಲಿಮೀಟರೂ ಇರಲ್ಲ. ಬೇಕಾದ ಭಾಗವನ್ನು ಕತ್ತರಿಸಿ ದೊಡ್ಡದು ಮಾಡುತ್ತೇನೆ. ಆದರೆ ಕತ್ತರಿಸಿದ್ದು ಪರದೆಯ ಯಾವ ಮೂಲೆ ಅಂತ ಅವರಿಗೆ ತಿಳಿಯಲ್ಲ. ಅದಕ್ಕೇ ಪಕ್ಕದಲ್ಲಿ ಬೆಂಕಿಪೆಟ್ಟಿಗೆಯಷ್ಟು ಪೂರ್ತಿ ಪರದೆ, ಅದರಲ್ಲೊಂದು ಕಪ್ಪು ಚೌಕ.

ಪುಸ್ತಕ ಈಗ 31 ಪುಟ. ಕಪ್ಪುಬಿಳುಪು ಜೆರಾಕ್ಸ್, ಸ್ಪೈರಲ್ ಸೇರಿ ಸುಮಾರು ಎಪ್ಪತ್ತು ರೂಪಾಯಿ ಬೀಳುತ್ತದೆ, ನೂರಕ್ಕೆ ಕೊಡುತ್ತೇನೆ. ಕಳೆದ ಬ್ಯಾಚಿನಲ್ಲಿ ಹನ್ನೊಂದು ಜನರಿಗೆ ಸೇವ್ ಪಾಠ ಕೊಟ್ಟು, ಬಾಯಿ ಮುಚ್ಚಿಕೊಂಡು ಹಿಂದೆ ಕೂತೆ. ಒಂಬತ್ತು ಜನ ಏನೂ ಕೇಳದೆ ಮುಗಿಸಿದರು. ಪಾಲುದಾರ ಏನೂ ಅನ್ನಲಿಲ್ಲ. ಮಾರನೇ ದಿನ ಚಿಂತಾಮಣಿಯಲ್ಲಿರುವ ತನ್ನ ಭಾಮೈದನಿಗೆ ಅಂತ ಎರಡು ಪ್ರತಿ ತೆಗೆದುಕೊಂಡ, ಇನ್ನೂರು ರೂಪಾಯಿ ಇನ್ನೂ ಬಂದಿಲ್ಲ.