ಸಿಮೆಂಟಿಗೆ ಗ್ಲೌಸ್ ಬೇಕು, ಲೇತಿಗೆ ಬೇಡ

ನಾನು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸಗಾರ. ಒಂದು ದಿನ ಲೇತ್ ಮುಂದೆ ನಿಂತರೆ, ಇನ್ನೊಂದು ದಿನ ಕಿತ್ತುಹೋದ ನೆಲಕ್ಕೆ ಕಾಂಕ್ರೀಟ್ ಹಾಕುತ್ತೇನೆ. ಬೆರಳ ಸಂದಿಗಳು ಕೆಂಪಾಗಿ ಒಣಗಿ ಸೀಳು ಬಿಡತೊಡಗಿದವು. ರಜೆಯಲ್ಲಿ ವಾಸಿಯಾಗುತ್ತಿತ್ತು, ಕೆಲಸಕ್ಕೆ ಬಂದರೆ ಮತ್ತೆ ಶುರು.

ಯಾವುದಕ್ಕೆ ಅಲರ್ಜಿ ಅಂತ ನೋಡಲು ಚರ್ಮದ ಡಾಕ್ಟರು ಪ್ಯಾಚ್ ಟೆಸ್ಟ್ ಮಾಡಿದರು. ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು ಎರಡು ದಿನ ಬಿಟ್ಟು ತೆಗೆದು, ಆಮೇಲೆ ಇನ್ನೊಮ್ಮೆ ನೋಡುತ್ತಾರೆ. ಸಿಮೆಂಟಿನಲ್ಲಿರುವ ಕ್ರೋಮಿಯಂ ನನಗೆ ಅಲರ್ಜಿಯಲ್ಲ ಅಂತ ಗೊತ್ತಾಯಿತು. ನನ್ನದು ಹಸಿ ಸಿಮೆಂಟಿನ ಕ್ಷಾರ ಮತ್ತು ಲೇತಿನಲ್ಲಿ ಲೋಹ ತಂಪಾಗಿಡಲು ಸುರಿಯುವ ಎಣ್ಣೆ-ನೀರಿನ ಕೂಲಂಟ್ ಸೇರಿ ಚರ್ಮ ಸವೆದದ್ದು. ಹಸಿ ಸಿಮೆಂಟಿನ ಪಿಎಚ್ 12ರಿಂದ 13 ಇರುತ್ತದೆ, ಸವೆಯದೆ ಇನ್ನೇನು? ಜೊತೆಯವನಿಗೆ ಮಾತ್ರ ಕ್ರೋಮಿಯಂ ಅಲರ್ಜಿ ಇತ್ತು. ಅವನಿಗೆ ಸ್ವಲ್ಪ ತಗುಲಿದರೂ ತುರಿಕೆ ಏಳುತ್ತದೆ, ಹಾಗಾಗಿ ಸಿಮೆಂಟ್ ಕೆಲಸ ಬಿಟ್ಟ.

ಸಿಮೆಂಟಿಗೆ ನಾನು ಹಾಕುವುದು ಉದ್ದ ತೋಳಿನ ನೈಟ್ರೈಲ್ ಗ್ಲೌಸ್. ಬಟ್ಟೆಯದು ನೀರು ಕುಡಿದು ಕ್ಷಾರವನ್ನು ಚರ್ಮಕ್ಕೇ ಒತ್ತಿ ಹಿಡಿಯುತ್ತದೆ. ಗ್ಲೌಸ್ ಒಳಗೆ ಗಾರೆ ಬಿದ್ದರೆ ಅಲ್ಲೇ ಬಿಚ್ಚಿ, ಕೈ ತೊಳೆದು ಒರೆಸಿ, ಬೇರೆ ಜೊತೆ ಹಾಕಿಕೊಳ್ಳುತ್ತೇನೆ. ಬೂಟು, ಮಂಡಿಗೂ ಇದೇ ಲೆಕ್ಕ. ಸಿಮೆಂಟ್ ಸುಟ್ಟಿದ್ದು ಮೊದಲು ಗೊತ್ತೇ ಆಗುವುದಿಲ್ಲ, ಉರಿ ಗಂಟೆಗಟ್ಟಲೆ ಆದಮೇಲೆ ಬರುತ್ತದೆ.

ಲೇತ್ ಹತ್ತಿರ ಗ್ಲೌಸ್ ಹಾಕೋ ಹಾಗೇ ಇಲ್ಲ, ತಿರುಗುವ ಚಕ್ ಕೈಯನ್ನೇ ಎಳೆದುಕೊಳ್ಳುತ್ತದೆ. ಅಲ್ಲಿ ಸರಿ ಮಾಡಬೇಕಾದದ್ದು ಕೂಲಂಟ್ ಟ್ಯಾಂಕನ್ನು. ಕೂಲಂಟಿನಲ್ಲಿ ನೀರು ಆವಿಯಾದಂತೆ ಎಣ್ಣೆಯ ಪಾಲು ಹೆಚ್ಚುತ್ತದೆ, ಕೈಗೆ ಉರಿಯೂ ಜಾಸ್ತಿ. ನಮ್ಮ ಕೂಲಂಟ್ 5% ಇರಬೇಕಿತ್ತು. ಆ ಪಾಲನ್ನು ಅಳೆಯುವ ರಿಫ್ರ್ಯಾಕ್ಟೋಮೀಟರಿನ ಅಂಕಿಯನ್ನು ಡಬ್ಬಿಯ ಮೇಲಿನ ಗುಣಕದಿಂದ ಗುಣಿಸಿದರೆ 8% ಬಂತು. 100 ಲೀಟರ್ ಟ್ಯಾಂಕಿನಿಂದ 40 ಲೀಟರ್ ತೆಗೆದು ಅಷ್ಟೇ ನೀರು ಹಾಕಿದೆ, 4.8%ಕ್ಕೆ ಇಳಿಯಿತು. ಈಗ ಕಮ್ಮಿಯಾದಾಗೆಲ್ಲ ತೆಳುವಾಗಿ ಕಲಸಿದ್ದನ್ನೇ ಸುರಿಯುತ್ತೇನೆ. ತೀರಾ ತೆಳುವಾದರೂ ಕಷ್ಟ: ಕೆಟ್ಟ ವಾಸನೆ ಬರುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ.

ಎಣ್ಣೆ ಒರೆಸಿದ ಬಟ್ಟೆ ಈಗ ಪ್ಯಾಂಟ್ ಜೇಬಿಗೆ ಹೋಗುವುದಿಲ್ಲ. ಅದರಲ್ಲಿ ಸಿಕ್ಕಿಕೊಂಡ ಲೋಹದ ಚೂರು ಕೈಯನ್ನು ಗೀಚುತ್ತದೆ, ತೊಡೆಗೆ ಇಳಿದ ಎಣ್ಣೆಯಿಂದ ಕೂದಲ ಬುಡದಲ್ಲಿ ಗುಳ್ಳೆ ಏಳುತ್ತವೆ. ಕೈ ತೊಳೆಯಲು ಸೀಮೆಎಣ್ಣೆ, ಥಿನ್ನರ್ ಬೇಡವೇ ಬೇಡ, ಚರ್ಮದ ಜಿಡ್ಡೆಲ್ಲ ಕಿತ್ತು ತೆಗೆಯುತ್ತವೆ. ಸೌಮ್ಯ ಸೋಪಿನಲ್ಲಿ ತೊಳೆದು, ಸಂದಿಗಳನ್ನು ಒರೆಸಿ, ಕೆಲಸ ಮುಗಿದಮೇಲೆ ವಾಸನೆಯಿಲ್ಲದ ದಪ್ಪ ಕ್ರೀಮ್ ಹಚ್ಚುತ್ತೇನೆ. ಕೆಲಸಕ್ಕೆ ಮುಂಚೆ ಹಚ್ಚುವ ಬ್ಯಾರಿಯರ್ ಕ್ರೀಮ್ ಗ್ಲೌಸಿನ ಕೆಲಸ ಮಾಡುವುದಿಲ್ಲ, ಅದನ್ನು ನಂಬಿ ಸಿಮೆಂಟಿಗೆ ಕೈ ಹಾಕಬೇಡಿ.

ಇಷ್ಟು ಮಾಡಿದರೂ ತುರಿಕೆ ಮುಂಗೈಗೋ ಮುಖಕ್ಕೋ ಹತ್ತಿದರೆ ಕೂಲಂಟ್ ಕೆಡದಂತೆ ಹಾಕುವ ರಾಸಾಯನಿಕಗಳ ಮೇಲೆ ಅನುಮಾನಪಡಬೇಕು. ಅವೂ ಅಲರ್ಜಿ ಮಾಡುತ್ತವೆ. ಡಬ್ಬಿಯ ಜೊತೆ ಬರುವ ಸುರಕ್ಷತಾ ಹಾಳೆಯನ್ನು ಡಾಕ್ಟರಿಗೆ ತೋರಿಸಿದರೆ ಯಾವುದಕ್ಕೆ ಪ್ಯಾಚ್ ಹಾಕಬೇಕು ಅಂತ ಅವರಿಗೆ ತಿಳಿಯುತ್ತದೆ.